ರಿಸರ್ವ್ ಬ್ಯಾಂಕ್ ಕಾಯಬೇಕಾದ್ದು ಬೇಳೆಯ ಬೆಲೆಯನ್ನೋ, ಡಾಲರ್ ದರವನ್ನೋ?

ಪೀಣ್ಯ_ಲೇಥ್ · 23 ಮಾರ್ಚ್ 2025, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ನಾಲ್ಕು ಸಿಎನ್‌ಸಿ ಮಷೀನು, ಹನ್ನೊಂದು ಜನ ಕೆಲಸಗಾರರು. ಕಾರ್ಬೈಡ್ ಇನ್ಸರ್ಟು, ಬೇರಿಂಗು, ಆಗಾಗ ಸ್ಪಿಂಡಲ್ಲು ಹೊರದೇಶದಿಂದ ತರಿಸುತ್ತೇನೆ. ಬಿಲ್ಲು ಡಾಲರ್‌ನಲ್ಲಿ ಬರುತ್ತದೆ.

ಕಳೆದ ಅಕ್ಟೋಬರ್‌ನಲ್ಲಿ 50,000 ಡಾಲರ್‌ನ ಮಾಲಿಗೆ ಆರ್ಡರ್ ಹಾಕಿದೆ, ನಾಲ್ಕು ತಿಂಗಳ ಉದ್ದರಿ. ಆಗ ಡಾಲರ್ 84 ರೂಪಾಯಿ. 42 ಲಕ್ಷ ಅಂತ ಲೆಕ್ಕ ಹಾಕಿ ನನ್ನ ಗಿರಾಕಿಗೆ ರೇಟು ಕೊಟ್ಟೆ. ಫೆಬ್ರವರಿಯಲ್ಲಿ ದುಡ್ಡು ಕಟ್ಟುವ ಹೊತ್ತಿಗೆ 87 ಆಗಿತ್ತು, 43.5 ಲಕ್ಷ ಹೋಯಿತು. ಆ ಒಂದೂವರೆ ಲಕ್ಷ ಆ ಆರ್ಡರಿನ ನನ್ನ ಪೂರ್ತಿ ಲಾಭ.

ರಿಸರ್ವ್ ಬ್ಯಾಂಕಿಗೆ ಕಾನೂನು ಕೊಟ್ಟಿರುವ ಗುರಿ ಹಣದುಬ್ಬರ 4%, ಎರಡು ಅಂಶ ಆಚೀಚೆ. ಡಾಲರ್ ದರಕ್ಕೆ ಅಂಥ ಗುರಿ ಇಲ್ಲ. ಯಾಕೆ ಇಲ್ಲ? ಡಾಲರ್ ಒಂದು ಕಡೆ ನಿಂತರೆ ಪೆಟ್ರೋಲು, ಅಡುಗೆ ಎಣ್ಣೆ, ನನ್ನ ಇನ್ಸರ್ಟು ಎಲ್ಲವೂ ತಾನಾಗಿಯೇ ನಿಲ್ಲುವುದಿಲ್ಲವೇ? ತಿಳಿದವರು ಹೇಳಿ, ನಿಜವಾಗಿಯೂ ಅರ್ಥ ಮಾಡಿಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

---

ಧಾರವಾಡ_ಎಂಎ · ಬೆಳಿಗ್ಗೆ 8:25

ಸರ, ನಾ ಅರ್ಥಶಾಸ್ತ್ರ ಎಂಎ ಓದಾಕತ್ತೇನಿ. 2016ರಾಗ ಆರ್‌ಬಿಐ ಕಾಯ್ದೆ ತಿದ್ದಿದ ಮ್ಯಾಲೆ ಗುರಿ ಒಂದ ಐತಿ, ಅದು ಬೆಲೆ ಸ್ಥಿರತೆ. ಹಂಗಾದ್ರ ಡಾಲರ್ ಮಾರಿ ರೂಪಾಯಿ ಹಿಡಿದು ನಿಲ್ಲಿಸೋದು ಕಾಯ್ದೆ ಬಿಟ್ಟ ಕೆಲಸ. ಆದರೂ ಅವರು ಮಾಡ್ಯಾರ. 2022ರ ಡಿಸೆಂಬರ್‌ದಿಂದ 2023ರ ಅಕ್ಟೋಬರ್ ತನಕ ರೂಪಾಯಿ ಎಷ್ಟು ಅಲುಗಾಡಲಿಲ್ಲ ಅಂದ್ರ, ಐಎಂಎಫ್‌ನವರು ನಮ್ಮ ಪದ್ಧತಿನ "ತೇಲುವ ದರ" ಅನ್ನೋ ಪಟ್ಟಿಯಿಂದ ತಗದು "ಸ್ಥಿರಗೊಳಿಸಿದ ದರ" ಅನ್ನೋ ಪಟ್ಟಿಗೆ ಹಾಕಿದರು. ಆರ್‌ಬಿಐ ಒಪ್ಪಲಿಲ್ಲ, ಅದು ಬ್ಯಾರೆ ಮಾತು. ಅಂದ್ರ ನೀವು ಕೇಳಿದ್ದನ್ನ ಅವರು ಕಾನೂನಿಲ್ಲದನ ಕೊಟ್ಟಿದ್ದರು.

---

ಹಳೆ_ಖಜಾನೆ · ಬೆಳಿಗ್ಗೆ 10:05

ನಾನು ಒಂದು ಬ್ಯಾಂಕಿನ ಟ್ರೆಜರಿಯಲ್ಲಿ ಇಪ್ಪತ್ತಾರು ವರ್ಷ ಕೂತು ನಿವೃತ್ತನಾದವನು. 2013ರ ಆ ಬೇಸಿಗೆ-ಮಳೆಗಾಲವನ್ನು ಡೀಲಿಂಗ್ ರೂಮಿನ ಒಳಗಿನಿಂದ ನೋಡಿದ್ದೇನೆ.

ಮೊದಲು ಧಾರವಾಡದ ತಮ್ಮನಿಗೆ. ಐಎಂಎಫ್ ವಿಷಯ ನೀನು ಹೇಳಿದ್ದು ಸರಿ. ಆದರೆ "ಕಾಯ್ದೆ ಬಿಟ್ಟ ಕೆಲಸ" ಅನ್ನುವುದು ಸರಿಯಲ್ಲ. ತಿದ್ದುಪಡಿ ಹೇಳುವುದು ಹಣಕಾಸು ನೀತಿಯ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದ ನಿಗದಿಯ, ಮುಖ್ಯ ಗುರಿ ಏನು ಅಂತ: ಬೆಳವಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಸ್ಥಿರತೆ. ವಿದೇಶಿ ವಿನಿಮಯ ಕೊಳ್ಳುವ-ಮಾರುವ ಅಧಿಕಾರ ಅದೇ ಕಾಯ್ದೆಯಲ್ಲಿ ಮೊದಲಿನಿಂದ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. "ನಮಗೆ ಯಾವ ಮಟ್ಟದ ಗುರಿಯೂ ಇಲ್ಲ, ಅತಿಯಾದ ಏರಿಳಿತ ತಡೆಯುತ್ತೇವೆ ಅಷ್ಟೆ" ಅನ್ನುವುದು ಅವರ ಮಾತು. ಆ "ಅತಿ" ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾತ್ರ ಅವರು ಎಲ್ಲಿಯೂ ಬರೆದುಕೊಟ್ಟಿಲ್ಲ.

ಇನ್ನು ಪೀಣ್ಯದವರೇ, ಡಾಲರ್ ದರವೇ ಗುರಿಯಾದರೆ ಏನಾಗುತ್ತದೆ ಅನ್ನುವುದನ್ನು ನಾವು ಒಮ್ಮೆ ಎರಡು ತಿಂಗಳ ಮಟ್ಟಿಗೆ ಅನುಭವಿಸಿದ್ದೇವೆ. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕು ಫೆಡ್‌ನ ಆಗಿನ ಅಧ್ಯಕ್ಷ ಬರ್ನಾಂಕೆ, ಬಾಂಡ್ ಖರೀದಿ ನಿಧಾನ ಮಾಡಬಹುದು ಅಂತ ಸೂಚನೆ ಕೊಟ್ಟರು. ಇಲ್ಲಿಗೆ ಬಂದಿದ್ದ ಡಾಲರ್ ಮರಳಿ ಹೋಗತೊಡಗಿತು. ಡಾಲರ್ ಆಗ 55-56. ಜುಲೈ ಮಧ್ಯಕ್ಕೆ 60 ಮುಟ್ಟಿತು. ಜುಲೈ 15ರ ಸಂಜೆ ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ರೆಪೊ ದರ 7.25% ಹಾಗೇ ಬಿಟ್ಟು, ಬ್ಯಾಂಕುಗಳು ತುರ್ತಿಗೆ ಸಾಲ ತೆಗೆಯುವ ಎಂಎಸ್‌ಎಫ್ ಕಿಟಕಿಯ ದರವನ್ನು ಒಂದೇ ಏಟಿಗೆ 10.25%ಕ್ಕೆ ಏರಿಸಿತು. ಮುಂದಿನ ವಾರ ರೆಪೊ ಕಿಟಕಿಯಲ್ಲಿ ಒಂದೊಂದು ಬ್ಯಾಂಕೂ ಎಷ್ಟು ತೆಗೆಯಬಹುದು ಎಂಬುದಕ್ಕೆ ಬಿಗಿಯಾದ ಮಿತಿ ಹಾಕಿತು. ಒಂದು ರಾತ್ರಿಗೆ ದುಡ್ಡು ಎತ್ತುವ ದರ 10%ರ ಹತ್ತಿರ ಹೋಯಿತು. ರೂಪಾಯಿ ಸಾಲ ದುಬಾರಿಯಾದರೆ, ಸಾಲ ಎತ್ತಿ ಡಾಲರ್ ಕೊಂಡು ಕೂಡಿಡುವವರು ಹಿಂಜರಿಯುತ್ತಾರೆ ಎಂಬುದು ಲೆಕ್ಕಾಚಾರ.

ರೂಪಾಯಿ ನಿಂತಿತೇ? ಆಗಸ್ಟ್ 28ಕ್ಕೆ 68 ದಾಟಿತು. ಅಂದರೆ ಬಡ್ಡಿಯ ಪೆಟ್ಟು ಊರಿಗೆಲ್ಲ ಬಿತ್ತು, ಡಾಲರ್ ಮಾತ್ರ ತನ್ನ ದಾರಿ ಹಿಡಿಯಿತು. ಕೊನೆಗೆ ಅದು ನಿಂತದ್ದು ಬೇರೆ ಉಪಾಯದಿಂದ. ಆಗಸ್ಟ್ ಕೊನೆಗೆ ತೈಲ ಕಂಪನಿಗಳಿಗೆ ಡಾಲರನ್ನು ಪೇಟೆಯ ಬದಲು ನೇರವಾಗಿ ರಿಸರ್ವ್ ಬ್ಯಾಂಕೇ ಕೊಡತೊಡಗಿತು. ಸೆಪ್ಟೆಂಬರ್ 4ರಂದು ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ ರಘುರಾಮ್ ರಾಜನ್ ಅದೇ ದಿನ ಹೊಸ ಕಿಟಕಿ ಘೋಷಿಸಿದರು: ಅನಿವಾಸಿಗಳಿಂದ ಮೂರು ವರ್ಷಕ್ಕೆ ಡಾಲರ್ ಠೇವಣಿ ತನ್ನಿ, ರೂಪಾಯಿಗೆ ಬದಲಿಸಿಕೊಡುವ ಖರ್ಚು ವರ್ಷಕ್ಕೆ 3.5% ಮಾತ್ರ. ಪೇಟೆಯಲ್ಲಿ ಆ ಖರ್ಚು ಇದಕ್ಕಿಂತ ಬಹಳ ಹೆಚ್ಚಿತ್ತು. ನವೆಂಬರ್ ಕೊನೆಗೆ, ಬ್ಯಾಂಕುಗಳ ಹೊರದೇಶದ ಸಾಲವೂ ಸೇರಿ, 34 ಬಿಲಿಯನ್ ಡಾಲರ್ ಬಂತು.

---

ಪೀಣ್ಯ_ಲೇಥ್ · ಬೆಳಿಗ್ಗೆ 11:30

ಸರ್, ನೀವು ಬರೆದದ್ದು ಓದಿ ಹಳೇ ಫೈಲ್ ತೆಗೆದೆ. 2013ರ ಮೇ ಕೊನೆಗೆ 20,000 ಡಾಲರ್ ಮಾಲು, 56ರ ಲೆಕ್ಕ, 11.20 ಲಕ್ಷ. ಆಗಸ್ಟ್ ಕೊನೆಯ ವಾರ ಬ್ಯಾಂಕು ಖಾತೆಗೆ ಖರ್ಚು ಹಾಕಿದ್ದು 67ರ ದರದಲ್ಲಿ, 13.40 ಲಕ್ಷ. ಅದು ನೆನಪಿತ್ತು. ನೆನಪಿಲ್ಲದ್ದು ಆ ಹಾಳೆಯ ಹಿಂದೆಯೇ ಪಿನ್ ಮಾಡಿಟ್ಟಿದ್ದ ಇನ್ನೊಂದು ಕಾಗದ: ಅದೇ ಸಮಯಕ್ಕೆ ನನ್ನ ಸಿಸಿ ಸಾಲದ ಖಾತೆಯ ಬಡ್ಡಿ ಏರಿಸಿದ್ದೇವೆ ಅಂತ ಬ್ಯಾಂಕಿನ ಪತ್ರ. ಎರಡೂ ಒಂದೇ ಕಾರಣಕ್ಕೆ ಬಂದ ಪೆಟ್ಟು ಅಂತ ಹನ್ನೆರಡು ವರ್ಷ ನನಗೆ ಹೊಳೆದೇ ಇರಲಿಲ್ಲ.

ಆದರೂ ಕೇಳುತ್ತೇನೆ. ಬಡ್ಡಿ ಏರಿಸಿ ತಡೆಯುವುದು ಬೇಡ. ಈಗ ರಿಸರ್ವ್ ಬ್ಯಾಂಕಿನ ಹತ್ತಿರ ಬೇಕಾದಷ್ಟು ವಿದೇಶಿ ಹಣದ ಮೀಸಲು ಇದೆಯಲ್ಲ, ಡಾಲರ್ ಮಾರಿ ತಡೆಯಬಾರದೇ?

---

ಮೈಸೂರಿನ_ಅಮ್ಮ · ಮಧ್ಯಾಹ್ನ 12:10

ಇಲ್ಲಿ ಡಾಲರ್ ಬಗ್ಗೆ ಮಾತಾಡುತ್ತಿದ್ದೀರಿ ಅಂತ ಕೇಳುತ್ತಿದ್ದೇನೆ. ಮಗಳು ಅಮೆರಿಕದಲ್ಲಿ ಎಂಎಸ್ ಮಾಡುತ್ತಿದ್ದಾಳೆ, ಆಗಸ್ಟಿಗೆ 14,000 ಡಾಲರ್ ಫೀಸು ಕಟ್ಟಬೇಕು. ಆರ್‌ಬಿಐ ಗುರಿ ಎಷ್ಟು ಇಟ್ಟಿದೆ, 85 ಆ, 90 ಆ? ಈಗಲೇ ತೆಗೆದುಕೊಂಡುಬಿಡಲಾ?

---

ಹಳೆ_ಖಜಾನೆ · ಮಧ್ಯಾಹ್ನ 12:35

ಅಮ್ಮಾ, ಆರ್‌ಬಿಐ ಅಂಥ ಗುರಿ ಇಟ್ಟಿಲ್ಲ, ಇಡಬೇಕೋ ಬೇಡವೋ ಅಂತಲೇ ಇಲ್ಲಿನ ಚರ್ಚೆ. ಆಗಸ್ಟಿಗೆ ದರ ಎಷ್ಟಿರುತ್ತದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಒಂದೇ ದಿನ ಎಲ್ಲ ಕೊಳ್ಳುವ ಬದಲು ಮೂರು-ನಾಲ್ಕು ಕಂತಿನಲ್ಲಿ ಕಳಿಸಿದರೆ ಸರಾಸರಿ ದರ ಸಿಗುತ್ತದೆ. ಫೀಸನ್ನು ಮೊದಲೇ ಕಂತಿನಲ್ಲಿ ಕಟ್ಟಲು ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಅಂತ ಮಗಳ ಹತ್ತಿರ ಕೇಳಿಸಿ.

---

ಸಿಂಗಪುರ_ಕನ್ನಡಿಗ · ಮಧ್ಯಾಹ್ನ 1:50

ಪೀಣ್ಯದವರ ಪ್ರಶ್ನೆಗೆ ನಾನಿರುವ ಊರೇ ಒಂದು ಉತ್ತರ. ಇಲ್ಲಿ ಕೇಂದ್ರ ಬ್ಯಾಂಕು ಎಂಎಎಸ್. ಅದು ಬಡ್ಡಿ ದರವನ್ನೇ ನಿಗದಿ ಮಾಡುವುದಿಲ್ಲ. 1981ರಿಂದ ಅದರ ಕೈಯಲ್ಲಿರುವ ಉಪಕರಣ ವಿನಿಮಯ ದರ. ಬರೀ ಅಮೆರಿಕನ್ ಡಾಲರ್ ಎದುರಿನ ದರವಲ್ಲ, ವ್ಯಾಪಾರವಿರುವ ಹಲವು ದೇಶಗಳ ಹಣವನ್ನು ಒಂದು ಬುಟ್ಟಿಯಲ್ಲಿಟ್ಟು, ಅದರೆದುರು ಸಿಂಗಪುರ ಡಾಲರ್ ಮೇಲೆ-ಕೆಳಗೆ ಮಿತಿ ಇರುವ ಒಂದು ಪಟ್ಟಿಯೊಳಗೆ ಓಡಾಡುವಂತೆ ನೋಡಿಕೊಳ್ಳುತ್ತಾರೆ. ಬೆಲೆ ಏರಿದರೆ ಆ ಪಟ್ಟಿಯ ಏರನ್ನು ಇನ್ನಷ್ಟು ಕಡಿದಾಗಿಸುತ್ತಾರೆ ಇಲ್ಲವೇ ಪಟ್ಟಿಯನ್ನೇ ಮೇಲಕ್ಕೆ ಸರಿಸುತ್ತಾರೆ, ಅಂದರೆ ಹಣ ಇನ್ನಷ್ಟು ಬೇಗ ಬಲವಾಗಲು ಬಿಡುತ್ತಾರೆ. 2021ರ ಅಕ್ಟೋಬರ್‌ನಿಂದ 2022ರ ಅಕ್ಟೋಬರ್‌ವರೆಗೆ ಐದು ಸಲ ಹೀಗೆ ಬಿಗಿ ಮಾಡಿದರು.

ಗಮನಿಸಿ, ಇಲ್ಲಿಯೂ ಕೊನೆಯ ಗುರಿ ಬೆಲೆ ಸ್ಥಿರತೆಯೇ. ವಿನಿಮಯ ದರ ಅಲ್ಲಿಗೆ ಹೋಗುವ ದಾರಿ. ಭಾರತಕ್ಕೂ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇದಕ್ಕೂ ಬೆಲೆ ತೆತ್ತಿದ್ದೇವೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ವಿನಿಮಯ ದರ ಹಿಡಿದುಕೊಂಡು, ಬಂಡವಾಳಕ್ಕೆ ಬಾಗಿಲು ತೆರೆದಿಟ್ಟರೆ ಬಡ್ಡಿ ದರ ಅಮೆರಿಕದ್ದನ್ನೇ ಹಿಂಬಾಲಿಸುತ್ತದೆ. ನನ್ನ ಮನೆ ಸಾಲ ಇಲ್ಲಿನ ಬ್ಯಾಂಕುಗಳ ನಡುವಿನ ಬಡ್ಡಿಯಾದ ಸೋರಾ ದರಕ್ಕೆ ಕಟ್ಟಿದ್ದು. 2021ರಲ್ಲಿ ಆ ದರ ಅರ್ಧ ಪರ್ಸೆಂಟೂ ಇರಲಿಲ್ಲ, 2023ಕ್ಕೆ 3% ಮೀರಿತು. ಫೆಡ್ ಏರಿಸಿದ್ದು ವಾಷಿಂಗ್ಟನ್‌ನಲ್ಲಿ, ಕಂತು ಏರಿದ್ದು ನಮ್ಮ ಮನೆಯಲ್ಲಿ.

---

ಹಳೆ_ಖಜಾನೆ · ಮಧ್ಯಾಹ್ನ 3:20

ಚೆನ್ನಾಗಿ ಹೇಳಿದಿರಿ. ಉಪಕರಣ ಬೇರೆ, ಗುರಿ ಬೇರೆ ಅನ್ನುವ ಮಾತು ಬಹಳ ಮುಖ್ಯ. ಆದರೆ ನಿಮ್ಮ ಔಷಧ ನಮಗೆ ಹಿಡಿಸುವುದಿಲ್ಲ ಅನ್ನುವುದು ನನ್ನ ವಾದ.

ಸಿಂಗಪುರದ ಒಟ್ಟು ಆಮದು-ರಫ್ತು ಅದರ ಜಿಡಿಪಿಯ ಮೂರು ಪಟ್ಟಿನ ಸುತ್ತಮುತ್ತ ಇದೆ. ನೀವು ತಿನ್ನುವ ಅಕ್ಕಿ, ಕುಡಿಯುವ ಹಾಲು ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದ ಬರುತ್ತವೆ. ಅಲ್ಲಿ ಹಣದ ಬೆಲೆ ಏರಿದರೆ ಅಂಗಡಿ ಬೆಲೆ ಇಳಿಯುತ್ತದೆ. ನಮ್ಮಲ್ಲಿ? ರಿಸರ್ವ್ ಬ್ಯಾಂಕೇ ತನ್ನ ಹಣಕಾಸು ನೀತಿ ವರದಿಗಳಲ್ಲಿ ಲೆಕ್ಕ ಕೊಟ್ಟಿದೆ: ರೂಪಾಯಿ 5% ಕುಸಿದರೆ ಹಣದುಬ್ಬರ ಸುಮಾರು 0.35 ಅಂಶ ಏರಬಹುದು. 84 ಇದ್ದದ್ದು 88 ಆದರೂ ನಮ್ಮ ಗ್ರಾಹಕ ಬೆಲೆ ಸೂಚ್ಯಂಕ ಅಷ್ಟೇ ಕದಲುವುದು. 2012ನ್ನು ಆಧಾರವಾಗಿಟ್ಟ ಆ ಸೂಚ್ಯಂಕದಲ್ಲಿ ಆಹಾರದ ಪಾಲು 45.86%, ಅದರಲ್ಲಿ ಬಹುಪಾಲು ನಮ್ಮ ಹೊಲದಲ್ಲೇ ಬೆಳೆದದ್ದು. ಕಳೆದ ಅಕ್ಟೋಬರ್‌ನಲ್ಲಿ ಹಣದುಬ್ಬರ 6.21%ಕ್ಕೆ ಹೋದಾಗ ರೂಪಾಯಿ 84ರಲ್ಲಿ ಕಲ್ಲಿನಂತೆ ನಿಂತಿತ್ತು. ಏರಿದ್ದು ತರಕಾರಿ. ಡಾಲರ್ ದರ ಹಿಡಿದಿದ್ದರಿಂದ ಟೊಮೆಟೊ ಒಂದು ರೂಪಾಯಿಯೂ ಇಳಿಯಲಿಲ್ಲ.

ಪೆಟ್ರೋಲಿನ ಮಾತೂ ಹಾಗೇ. ಕಚ್ಚಾ ತೈಲದಲ್ಲಿ 85%ಕ್ಕೂ ಹೆಚ್ಚು ಆಮದೇ, ನಿಜ. ಆದರೆ ಬಂಕಿನ ದರ ದಿನದಿನದ ಡಾಲರನ್ನು ಹಿಂಬಾಲಿಸುವುದನ್ನು ನಿಲ್ಲಿಸಿ ಮೂರು ವರ್ಷವಾಗುತ್ತ ಬಂತು. 2024ರ ಮಾರ್ಚ್‌ನಲ್ಲಿ ಎರಡು ರೂಪಾಯಿ ಇಳಿಸಿದ್ದು ಬಿಟ್ಟರೆ ಕಂಪನಿಗಳು ಅದನ್ನು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ.

---

ಮೂಡಿಗೆರೆ_ಕಾಫಿ · ಸಂಜೆ 5:15

ನಾನು ಕಾಫಿ ಬೆಳೆಗಾರ. ಪೀಣ್ಯದವರಿಗೆ ನಷ್ಟವಾದ ಅದೇ ಮೂರು ರೂಪಾಯಿ ನನಗೆ ಲಾಭ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ರಫ್ತುದಾರರು ನಮಗೆ ದರ ಕೊಡುವುದು ಲಂಡನ್, ನ್ಯೂಯಾರ್ಕ್ ಪೇಟೆಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಹಾಗಾಗಿ ಡಾಲರ್ ಏರಿದರೆ ಚೀಲಕ್ಕೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಆದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಹೊರಗಿನಿಂದಲೇ ಬರುವುದು. ಅದೂ ಏರುತ್ತದೆ.

ನಾನು ಕೇಳುವುದು ಇಷ್ಟೆ. ಡಾಲರ್‌ಗೆ ಒಂದು ಗುರಿ ಇಡಬೇಕು ಅಂದರೆ ಯಾವ ದರ ಅಂತ ಯಾರು ತೀರ್ಮಾನ ಮಾಡುವುದು? 84 ಅಂದರೆ ಪೀಣ್ಯ ಉಳಿಯುತ್ತದೆ, 90 ಅಂದರೆ ಮಲೆನಾಡು. ಬೇಳೆ ಬೆಲೆ ಕಡಿಮೆ ಇರಲಿ ಅನ್ನುವುದಕ್ಕೆ ಇಬ್ಬರೂ ಒಪ್ಪುತ್ತೇವೆ. ತೊಗರಿ ಬೆಳೆಯುವ ಕಲಬುರಗಿಯವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

---

ಧಾರವಾಡ_ಎಂಎ · ಸಂಜೆ 6:00

ಕಾಫಿ ಅಣ್ಣಾರ ಕೊನೇ ಮಾತು ಹಿಡದು ಕೇಳ್ತೀನಿ. ಆಹಾರ 45.86% ಇರೋ ಸೂಚ್ಯಂಕಾನ ರೆಪೊ ದರದಿಂದ ಹೆಂಗ ಹಿಡೀತಾರ ಸರ? ಮಳಿ ಕೈಕೊಟ್ಟರ ಉಳ್ಳಾಗಡ್ಡಿ ಏರತೈತಿ, ಬಡ್ಡಿ ಏರಿಸಿದ್ರ ಉಳ್ಳಾಗಡ್ಡಿ ಬೆಳಿಯೂದಿಲ್ಲ. 2023-24ರ ಆರ್ಥಿಕ ಸಮೀಕ್ಷೆನ ಆಹಾರ ಬಿಟ್ಟು ಗುರಿ ಇಡೋ ವಿಚಾರ ಮಾಡ್ರಿ ಅಂದಿತ್ತು. ಹಂಗಾದ್ರ ಎರಡೂ ಗುರಿ ಆರ್‌ಬಿಐ ಕೈಗೆ ಪೂರ್ತಿ ಸಿಗೂದಿಲ್ಲ ಅಂದಂಗಾತು.

---

ಹಳೆ_ಖಜಾನೆ · ರಾತ್ರಿ 8:45

ನಿನ್ನ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಒಂದು ತಿಂಗಳ ಉಳ್ಳಾಗಡ್ಡಿಗೆ ಬಡ್ಡಿ ಮದ್ದಲ್ಲ. ಅದಕ್ಕೇ ಕಾನೂನು ಒಂದು ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸತತ ಮೂರು ತ್ರೈಮಾಸಿಕಗಳಲ್ಲೂ ಸರಾಸರಿ ಹಣದುಬ್ಬರ 6% ಮೀರಿದರೆ, ಇಲ್ಲವೇ 2%ಗಿಂತ ಕೆಳಗಿದ್ದರೆ ಮಾತ್ರ ವಿಫಲ ಅಂತ ಅರ್ಥ. 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಹಾಗೆ 6% ಮೀರಿತು, ಹಣಕಾಸು ನೀತಿ ಸಮಿತಿ ನವೆಂಬರ್ 3ಕ್ಕೆ ವಿಶೇಷವಾಗಿ ಸೇರಿತು, ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಕಾರಣ ಬರೆದು ಕಳಿಸಿತು. ಆ ಪತ್ರವನ್ನು ಜನರಿಗೆ ತೋರಿಸಲಿಲ್ಲ, ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಆದರೂ ಉತ್ತರ ಕೊಡಬೇಕಾದ ಒಂದು ಗಳಿಗೆ ಕಾನೂನಿನಲ್ಲಿದೆ. ಡಾಲರ್ ವಿಷಯದಲ್ಲಿ ಅಂಥ ಗಳಿಗೆ ಎಲ್ಲಿದೆ?

ಆಹಾರ ಬಿಟ್ಟುಬಿಡೋಣ ಅನ್ನುವವರಿಗೆ 2013ಕ್ಕಿಂತ ಹಿಂದಿನ ವರ್ಷಗಳನ್ನು ನೆನಪಿಸಬೇಕು. ಗ್ರಾಹಕ ಹಣದುಬ್ಬರ 10%ರ ಹತ್ತಿರ ವರ್ಷಗಟ್ಟಲೆ ಕೂತಿತ್ತು. ಬ್ಯಾಂಕಿನ ಠೇವಣಿ ಬಡ್ಡಿ ಅದಕ್ಕಿಂತ ಕಡಿಮೆ. ಜನ ಏನು ಮಾಡಿದರು? ಚಿನ್ನ ಕೊಂಡರು. ಚಿನ್ನ ಆಮದು. 2012-13ರಲ್ಲಿ ಚಾಲ್ತಿ ಖಾತೆ ಕೊರತೆ, ಅಂದರೆ ದೇಶ ಹೊರಗಿನಿಂದ ಗಳಿಸಿದ್ದಕ್ಕಿಂತ ಹೊರಗೆ ಹೆಚ್ಚು ಕೊಟ್ಟದ್ದು, ಜಿಡಿಪಿಯ 4.8% ಮುಟ್ಟಿತು. ಬರ್ನಾಂಕೆ ಬಾಯಿಬಿಟ್ಟ ದಿನ ರೂಪಾಯಿ ಬೀಳಲು ಎಲ್ಲ ಸಿದ್ಧವಾಗಿತ್ತು. ಒಳಗಿನ ಹಣದುಬ್ಬರವೇ ಹೊರಗೆ ಡಾಲರ್ ದರವಾಗಿ ಕಾಣಿಸಿಕೊಂಡದ್ದು. ಅದಾದ ಮೇಲೆಯೇ 2014ರ ಜನವರಿಯಲ್ಲಿ ಹಣದುಬ್ಬರವೇ ಗುರಿಯಾಗಲಿ ಎಂದ ಊರ್ಜಿತ್ ಪಟೇಲ್ ಸಮಿತಿಯ ವರದಿ, 2015ರಲ್ಲಿ ಸರ್ಕಾರದ ಜೊತೆ ಒಪ್ಪಂದ, 2016ರಲ್ಲಿ ಕಾನೂನು.

ಈಗ ಪೀಣ್ಯದವರ ಪ್ರಶ್ನೆ: ಮೀಸಲಿನಿಂದ ಡಾಲರ್ ಮಾರಿ ತಡೆಯಬಾರದೇ? ಈ ಚಳಿಗಾಲದಲ್ಲಿ ಅದೇ ಆಯಿತು. ಸೆಪ್ಟೆಂಬರ್ ಕೊನೆಗೆ 704 ಬಿಲಿಯನ್ ಮೀರಿದ್ದ ಮೀಸಲು ಜನವರಿಗೆ 625 ಬಿಲಿಯನ್ ಆಸುಪಾಸಿಗೆ ಬಂತು. ಅದರಲ್ಲಿ ಒಂದು ಪಾಲು ಯೂರೋ, ಯೆನ್ ಇಳಿದದ್ದರ ಲೆಕ್ಕ, ಉಳಿದದ್ದು ಮಾರಾಟ.

ರಿಸರ್ವ್ ಬ್ಯಾಂಕು ಒಂದು ಬಿಲಿಯನ್ ಡಾಲರನ್ನು 86ಕ್ಕೆ ಮಾರಿತು ಅಂದುಕೊಳ್ಳಿ. ಕೊಂಡ ಬ್ಯಾಂಕು 8,600 ಕೋಟಿ ರೂಪಾಯಿ ಕೊಡಬೇಕು. ಆ ದುಡ್ಡು ರಿಸರ್ವ್ ಬ್ಯಾಂಕಿನಲ್ಲಿರುವ ಅದರ ಖಾತೆಯಿಂದ ಕಳೆದುಹೋಗುತ್ತದೆ, ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ ಎಲ್ಲೂ ಉಳಿಯುವುದಿಲ್ಲ. ಹತ್ತು ಬಿಲಿಯನ್ ಮಾರಿದರೆ 86,000 ಕೋಟಿ ಮಾಯ. ಜನವರಿ ಕೊನೆಗೆ ವ್ಯವಸ್ಥೆಯ ನಗದು ಕೊರತೆ 3 ಲಕ್ಷ ಕೋಟಿ ದಾಟಿತು. ಕೊರತೆ ಬಂದಾಗ ಬ್ಯಾಂಕುಗಳು ಒಬ್ಬರಿಂದ ಒಬ್ಬರು ತೆಗೆಯುವ ಕಾಲ್ ದರ ರೆಪೊ ದರಕ್ಕಿಂತ ಮೇಲೆ ಹೋಗುತ್ತದೆ. ಅಂದರೆ ಸಮಿತಿ ಸಭೆ ಸೇರದೆ, ಯಾರೂ ಕೈ ಎತ್ತದೆ ಬಡ್ಡಿ ಏರಿದಂತಾಯಿತು. 2013ರಲ್ಲಿ ಮುಂಬಾಗಿಲಿನಿಂದ ಬಂದದ್ದು ಈಗ ಹಿತ್ತಲಿನಿಂದ ಬಂತು.

ಅದನ್ನು ತುಂಬಲು ಅವರು ಪಟ್ಟ ಪಾಡು ನೋಡಿ. ಡಿಸೆಂಬರ್‌ನಲ್ಲಿ ಸಿಆರ್‌ಆರ್, ಅಂದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ನಗದಿನ ಪಾಲನ್ನು, 4.5ರಿಂದ 4%ಕ್ಕೆ ಇಳಿಸಿ 1.16 ಲಕ್ಷ ಕೋಟಿ ಬಿಟ್ಟರು. ಜನವರಿಯಲ್ಲಿ ಬಾಂಡ್ ಖರೀದಿ ಘೋಷಿಸಿದರು. ಆಮೇಲೆ ಬ್ಯಾಂಕುಗಳಿಂದ ಡಾಲರ್ ತೆಗೆದುಕೊಂಡು ರೂಪಾಯಿ ಕೊಡುವ, ಅವಧಿ ಮುಗಿದ ಮೇಲೆ ತಿರುಗಿಸಿಕೊಡುವ ಸ್ವಾಪ್ ಮಾಡಿದರು: ಮೊದಲು 5 ಬಿಲಿಯನ್, ಫೆಬ್ರವರಿ ಕೊನೆಗೆ 10 ಬಿಲಿಯನ್. ಒಂದು ಕೈಯಲ್ಲಿ ನೀರು ಹೊರಗೆ ಚೆಲ್ಲುತ್ತ ಇನ್ನೊಂದು ಕೈಯಲ್ಲಿ ತುಂಬಿದ ಹಾಗೆ. ಅಷ್ಟು ಡಾಲರ್ ಮಾರಿದರೂ ಫೆಬ್ರವರಿಯಲ್ಲಿ ರೂಪಾಯಿ 87 ದಾಟಿಯೇ ದಾಟಿತು.

ಇದನ್ನು ನೀವೇ ಗಮನಿಸಬಹುದು. ಮೂರು ಅಂಕಿ ಸಾಕು. ಶುಕ್ರವಾರ ಸಂಜೆ ಬರುವ ಮೀಸಲಿನ ಲೆಕ್ಕ. ದಿನವೂ ಬರುವ ಕಾಲ್ ದರ, ಅದು ರೆಪೊಗಿಂತ ಎಷ್ಟು ಮೇಲಿದೆ ಅಂತ. ಮೂರನೆಯದು ತಿಂಗಳ ಬುಲೆಟಿನ್‌ನಲ್ಲಿ ಮುಂದಿನ ದಿನಾಂಕಕ್ಕೆ ಮಾರಿಟ್ಟಿರುವ ಡಾಲರ್. ಇದು ಮೀಸಲಿನ ಲೆಕ್ಕದಲ್ಲಿ ಕಾಣಿಸುವುದಿಲ್ಲ, ಆದರೆ ಕೊಡಬೇಕಾದ ಬಾಕಿ. ಜನವರಿ ಕೊನೆಗೆ ಅದು 75 ಬಿಲಿಯನ್ ಮೀರಿತ್ತು.

---

ಸಿಂಗಪುರ_ಕನ್ನಡಿಗ · ರಾತ್ರಿ 9:30

ಸರ್, ಟೊಮೆಟೊ ಲೆಕ್ಕ ಒಪ್ಪಿದೆ, ನಮ್ಮ ಪದ್ಧತಿ ಭಾರತಕ್ಕೆ ಹೊಂದುವುದಿಲ್ಲ. ಒಂದು ಮಾತ್ರ ಒಪ್ಪುವುದಿಲ್ಲ. 2022ರಲ್ಲಿ ಫೆಡ್ ನಾಗಾಲೋಟದಲ್ಲಿ ಏರಿಸುವಾಗ ಆರ್‌ಬಿಐ ಡಾಲರ್ ಮಾರದೆ ಕೈಕಟ್ಟಿ ಕೂತಿದ್ದರೆ? ಮೀಸಲು 642ರಿಂದ 525 ಬಿಲಿಯನ್ ಆಸುಪಾಸಿಗೆ ಇಳಿದರೂ ರೂಪಾಯಿ 83ರಲ್ಲಿ ಹಿಡಿತಕ್ಕೆ ಸಿಕ್ಕಿತು. ಆ ದಿಗಿಲು ತಪ್ಪಿಸಿದ್ದಕ್ಕೂ ಒಂದು ಬೆಲೆ ಇದೆಯಲ್ಲವೇ?

---

ಹಳೆ_ಖಜಾನೆ · ರಾತ್ರಿ 9:50

ಇದೆ. 2022ರಲ್ಲಿ ಮಾರಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆಗ ಬಿರುಗಾಳಿ ಇತ್ತು. ನನ್ನ ತಕರಾರು ಅದರ ನಂತರದ ಎರಡು ವರ್ಷಗಳ ಬಗ್ಗೆ. ಗಾಳಿ ನಿಂತ ಮೇಲೂ 82ರಿಂದ 84ರೊಳಗೆ ಹಿಡಿದೇ ಇದ್ದರು. ನಮ್ಮಲ್ಲಿ ಬೆಲೆ ಏರಿಕೆ ಹೊರಗಿನವರಿಗಿಂತ ಹೆಚ್ಚು, ಆದರೆ ದರ ಅಲುಗಾಡುವುದಿಲ್ಲ. ಹಾಗಾದಾಗ ರೂಪಾಯಿ ಒಳಗೊಳಗೇ ದುಬಾರಿಯಾಗುತ್ತ ಹೋಗುತ್ತದೆ. ಆರ್‌ಬಿಐಯ ನಲವತ್ತು ದೇಶಗಳ ನೈಜ ವಿನಿಮಯ ದರ ಸೂಚ್ಯಂಕ, ಆಧಾರ ವರ್ಷದಲ್ಲಿ 100 ಇದ್ದದ್ದು, ಕಳೆದ ನವೆಂಬರ್‌ನಲ್ಲಿ 108 ದಾಟಿತ್ತು. ಅದು ಒಂದಲ್ಲ ಒಂದು ದಿನ ಇಳಿಯಲೇಬೇಕಿತ್ತು. ಎರಡು ವರ್ಷದಲ್ಲಿ ಮೆಲ್ಲಗೆ ಇಳಿಯಬೇಕಾದದ್ದು ಮೂರು ತಿಂಗಳಲ್ಲಿ ಇಳಿಯಿತು, ಪೀಣ್ಯದವರು ಅದರ ಅಡಿಗೆ ಸಿಕ್ಕಿಕೊಂಡರು.

ಪೀಣ್ಯದವರೇ, ಒಂದು ಕೇಳಲೇ? ಮುಂದೆ ಕೊಳ್ಳುವ ಡಾಲರ್‌ಗೆ ಬ್ಯಾಂಕಿನ ಜೊತೆ ಮೊದಲೇ ದರ ಕಟ್ಟಿಕೊಳ್ಳುವ ಫಾರ್ವರ್ಡನ್ನು ಅಕ್ಟೋಬರ್‌ನಲ್ಲಿ ಯಾಕೆ ಬುಕ್ ಮಾಡಲಿಲ್ಲ? ನಾಲ್ಕು ತಿಂಗಳಿಗೆ 30 ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

---

ಪೀಣ್ಯ_ಲೇಥ್ · ರಾತ್ರಿ 10:40

2013ರ ಏಟು ತಿಂದ ಮೇಲೆ ಹತ್ತು ವರ್ಷ ತಪ್ಪದೆ ಬುಕ್ ಮಾಡುತ್ತಿದ್ದೆ ಸರ್. 2023ರಲ್ಲಿ ಬಿಟ್ಟೆ. ಪ್ರತಿ ಸಲ ಪ್ರೀಮಿಯಂ ಕಟ್ಟುವುದು, ಕೊನೆಗೆ ನೋಡಿದರೆ ಡಾಲರ್ ಇದ್ದಲ್ಲೇ ಇರುವುದು. ನಮ್ಮ ಲೆಕ್ಕ ಬರೆಯುವ ಹುಡುಗಿ ವರ್ಷದ ಕೊನೆಗೆ ಆ ಖರ್ಚನ್ನು ಕೂಡಿಸಿ ತೋರಿಸಿದಳು, ಸುಮ್ಮನೆ ದಂಡ ಅನ್ನಿಸಿತು. ನೀವು ಹೇಳಿದ ಆ ನಿಶ್ಚಲವಾದ ಎರಡು ವರ್ಷವೇ ನನ್ನನ್ನು ಮೈಮರೆಸಿದ್ದು ಅಂತ ಈಗ ಅರ್ಥವಾಗುತ್ತಿದೆ.

ಜುಲೈಗೆ ಕಟ್ಟಬೇಕಾದ ಇನ್ನೊಂದು ಬಿಲ್ಲಿದೆ, 30,000 ಡಾಲರ್. ನಾಳೆ ಹೋಗಿ ಅದಕ್ಕೆ ಫಾರ್ವರ್ಡ್ ಮಾಡಿಸುತ್ತೇನೆ. ಆದರೆ ಪಕ್ಕದ ಶೆಡ್ಡಿನವನು ತರಿಸುವುದು ಮೂರು, ನಾಲ್ಕು ಸಾವಿರ ಡಾಲರಿನ ಮಾಲು. ಅಷ್ಟು ಸಣ್ಣ ಮೊತ್ತಕ್ಕೆ ಅವನ ಬ್ಯಾಂಕಿನ ಶಾಖೆಯಲ್ಲಿ ಫಾರ್ವರ್ಡ್ ಕೇಳಿದರೆ ಎರಡು ಸಲ ವಾಪಸ್ ಕಳಿಸಿದ್ದಾರೆ, ಬ್ಯಾಂಕಿನ ಹೆಸರು ಬೇಡ. ಹಣದುಬ್ಬರವೇ ಗುರಿಯಾಗಿರಲಿ, ಒಪ್ಪಿದೆ. ಆಗ ಡಾಲರಿನ ಏರಿಳಿತ ತಡೆದುಕೊಳ್ಳುವ ಭಾರ ಅವನ ತಲೆ ಮೇಲೆ ಬೀಳುತ್ತದೆ, ಅವನ ಕೈಯಲ್ಲಿ ಕೊಡೆಯೂ ಇಲ್ಲ. ಅದಕ್ಕೇನು ಮಾಡುವುದು?

---

ಧಾರವಾಡ_ಎಂಎ · ರಾತ್ರಿ 11:05

ಈಗಿನ 4%ರ ಗುರಿ ಅವಧಿ ಬರೋ ವರ್ಷ ಮಾರ್ಚ್ 31ಕ್ಕ ಮುಗೀತೈತಿ ಸರ. ಸರ್ಕಾರ ಆರ್‌ಬಿಐ ಕೂಡ ಮಾತಾಡಿ ಮತ್ತ ಐದು ವರ್ಷಕ್ಕ ಗುರಿ ಇಡಬೇಕು. ಈ ಪ್ರಶ್ನೆ ಅಲ್ಲಿ ಯಾರರ ಕೇಳ್ತಾರೇನು ಅಂತ ನಾನೂ ಕಾಯಾಕತ್ತೇನಿ.

---

ಹಳೆ_ಖಜಾನೆ · 24 ಮಾರ್ಚ್, ಬೆಳಿಗ್ಗೆ 6:50

ಪಕ್ಕದ ಶೆಡ್ಡಿನವರಿಗೆ ಹೇಳಿ, ಎಫ್‌ಎಕ್ಸ್-ರಿಟೇಲ್ ಅಂತ ಕ್ಲಿಯರಿಂಗ್ ಕಾರ್ಪೊರೇಷನ್‌ನವರ ಒಂದು ತಾಣವಿದೆ, 2019ರಲ್ಲಿ ಶುರುವಾದದ್ದು. ಸಣ್ಣ ಮೊತ್ತದ ಡಾಲರನ್ನೂ ಪೇಟೆಯ ದರ ಕಣ್ಣೆದುರೇ ನೋಡಿ ಕೊಳ್ಳಬಹುದು. ಅವರ ಬ್ಯಾಂಕಿನ ಮೂಲಕವೇ ನೋಂದಾಯಿಸಬೇಕು. ಶಾಖೆಯವರು ಮತ್ತೆ ವಾಪಸ್ ಕಳಿಸಿದರೆ ಬಾಯಿಮಾತಿಗೆ ಬಿಡಬೇಡಿ, ಕೋರಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಲಿ. ಇದು ಪೂರ್ತಿ ಪರಿಹಾರ ಅಂತ ನಾನು ಹೇಳುತ್ತಿಲ್ಲ.